ರಿಪೋರ್ಟ್ ಬಂದಿದೆ, ಹೆಂಡತಿಗೆ ಹೇಗೆ ಹೇಳಲಿ?

ಪ್ರಶ್ನೆ: ನಾವು ಧಾರವಾಡದವರು. ನನಗೆ 33, ಹೆಂಡತಿಗೆ 29. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿಲ್ಲ. ಅವಳ ಸ್ಕ್ಯಾನ್, ಥೈರಾಯ್ಡ್ ಎಲ್ಲಾ ಸರಿ ಇದೆ. ಮುಂದಿನ ವಾರ ದುರ್ಬೀನು ಹಾಕಿ ನೋಡುತ್ತಾರಂತೆ. ದಸರಾ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ನನ್ನ ವೀರ್ಯ ಪರೀಕ್ಷೆ ಆಯಿತು. ಪ್ರಮಾಣ 1.1 ಮಿಲಿ, ವೀರ್ಯಾಣು ಮಿಲಿಗೆ 80 ಲಕ್ಷ, ಮುಂದಕ್ಕೆ ಚಲಿಸುವವು ಶೇ 20, ಸರಿಯಾದ ಆಕಾರದವು ಶೇ 2 ಅಂತ ಬಂದಿದೆ. ಗಣೇಶ ಹಬ್ಬದ ಹೊತ್ತಿಗೆ ಡೆಂಗಿ ಜ್ವರ ಬಂದು ಅಡ್ಮಿಟ್ ಆಗಿದ್ದೆ. ಲ್ಯಾಬಿನ ಬಾತ್‌ರೂಮಿನಲ್ಲಿ ಗಡಿಬಿಡಿಯಾಗಿ ಮೊದಲು ಬಂದದ್ದು ಸ್ವಲ್ಪ ಹೊರಗೆ ಬಿತ್ತು, ನಾಚಿಕೆಯಾಗಿ ಹೇಳಲಿಲ್ಲ. ಹೆಂಡತಿ ಕೇಳಿದರೆ 'ರಿಪೋರ್ಟ್ ಇನ್ನೂ ಬಂದಿಲ್ಲ' ಅನ್ನುತ್ತೇನೆ. ಕಾಗದ ಬೈಕಿನ ಸೀಟಿನ ಕೆಳಗಿದೆ. ನಮ್ಮವ್ವ ದಿನಾ ಅವಳಿಗೇ ಅನ್ನುತ್ತಾಳೆ. ಹುಡುಗುತನದ ಚಟದಿಂದ ಹೀಗಾಯಿತೇ? ಇನ್ನೊಮ್ಮೆ ಟೆಸ್ಟ್ ಮಾಡಿಸಿ, ಸರಿ ಬಂದರೆ ಹೇಳದೇ ಇರಬಹುದಾ?

ಉತ್ತರ: ಇನ್ನೊಮ್ಮೆ ಟೆಸ್ಟ್ ಮಾಡಿಸಲೇಬೇಕು. ಆದರೆ ಹೇಳುವುದನ್ನು ಅಲ್ಲಿಯ ತನಕ ಇಟ್ಟುಕೊಳ್ಳಬೇಡಿ. ಈ ವಾರವೇ ಹೇಳಿ. ಯಾಕೆಂದರೆ ಮುಂದಿನ ವಾರ ಅವರಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಗೆ ಸಣ್ಣ ತೂತು ಮಾಡಿ ನೋಡುವವರಿದ್ದಾರೆ. ನಿಮ್ಮ ಸೀಟಿನ ಕೆಳಗಿರುವ ಕಾಗದ ಅವರ ಡಾಕ್ಟರ್ ಕೈಯಲ್ಲಿದ್ದರೆ ಆ ದಿನಾಂಕವೇ ಬದಲಾಗಬಹುದು. ನನ್ನ ಕೇಳಿದರೆ, ದುರ್ಬೀನಿಗೂ ಮೊದಲು ಗಂಡನ ಪರೀಕ್ಷೆ ಆಗಬೇಕು. ಅದಕ್ಕೆ ಸೂಜಿ ಬೇಡ, ಕೊಯ್ತ ಬೇಡ. ನಮ್ಮ ಕಡೆ ಅದೇ ಎಲ್ಲಕ್ಕಿಂತ ಕೊನೆಗೆ ಆಗುತ್ತದೆ.

ಈಗ ಆ ಅಂಕಿಗಳನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಟ್ಟ ಹೀಗಿದೆ: ಪ್ರಮಾಣ 1.4 ಮಿಲಿ, ಮಿಲಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಮುಂದಕ್ಕೆ ಚಲಿಸುವವು ಶೇ 30, ಸರಿಯಾದ ಆಕಾರದವು ಶೇ 4. ನಿಮ್ಮದು ನಾಲ್ಕರಲ್ಲೂ ಕಡಿಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಮಟ್ಟ ಎಲ್ಲಿಂದ ಬಂತು ಗೊತ್ತಾ? ಪ್ರಯತ್ನ ಶುರು ಮಾಡಿ ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರ ವೀರ್ಯವನ್ನೇ ಪರೀಕ್ಷಿಸಿ ಇದನ್ನು ಹಾಕಿದ್ದಾರೆ. ಆ ಅಪ್ಪಂದಿರಲ್ಲೂ ನೂರಕ್ಕೆ ಐದು ಜನ ಒಂದೊಂದು ಅಂಕಿಯಲ್ಲಿ ಇದಕ್ಕಿಂತ ಕೆಳಗಿದ್ದರು. ಹಾಗಾಗಿ ಈ ಗೆರೆಯ ಕೆಳಗಿದ್ದರೆ ಮಕ್ಕಳಾಗುವುದು ತಡವಾಗಬಹುದು, ಆಗುವುದೇ ಇಲ್ಲ ಅಂತಲ್ಲ. ಆಕಾರ ಶೇ 2 ಅಂದಾಗ ಉಳಿದ 98 ಕೆಟ್ಟವು ಅಂತ ಗಂಡಸರು ಬೆಚ್ಚಿ ಬೀಳುತ್ತಾರೆ. ಆರೋಗ್ಯವಾಗಿರುವವರಲ್ಲೂ ಬಹುಪಾಲು ವೀರ್ಯಾಣು ಹಾಗೇ ಇರುತ್ತವೆ. ಆ ಅಳತೆಯೇ ಅಷ್ಟು ಬಿಗಿ.

ನಿಮ್ಮ ಪತ್ರದಲ್ಲಿರುವ ಎರಡು ಮಾತು ಆ ಅಂಕಿಗಳಿಗಿಂತ ಮುಖ್ಯ. ಮೊದಲನೆಯದು ಚೆಲ್ಲಿದ್ದು. ವೀರ್ಯದ ಮೊದಲ ಭಾಗದಲ್ಲೇ ವೀರ್ಯಾಣು ಜಾಸ್ತಿ ಇರುತ್ತವೆ. ಅದೇ ಹೊರಗೆ ಬಿದ್ದರೆ ಪ್ರಮಾಣವೂ ಇಳಿಯುತ್ತದೆ, ಸಂಖ್ಯೆಯೂ ಇಳಿಯುತ್ತದೆ. ಲ್ಯಾಬಿನವರಿಗೆ 'ಸ್ವಲ್ಪ ಹೊರಗೆ ಹೋಯಿತು' ಅಂದಿದ್ದರೆ ಸಾಕಿತ್ತು, ಇನ್ನೊಂದು ದಿನ ಕರೆಯುತ್ತಿದ್ದರು. ಎರಡನೆಯದು ಡೆಂಗಿ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ದಸರಾ ಆದ ಮೇಲೆ ನೀವು ಕೊಟ್ಟ ಸ್ಯಾಂಪಲ್ಲಿನ ವೀರ್ಯಾಣು ತಯಾರಾಗುತ್ತಿದ್ದಾಗಲೇ ಮೈ ಸುಡುವ ಜ್ವರವಿತ್ತು. ಜೋರು ಜ್ವರ ಬಂದು ಹೋದ ಮೇಲೆ ಎರಡು ಮೂರು ತಿಂಗಳು ಸಂಖ್ಯೆ, ಚಲನೆ ಎರಡೂ ಕುಸಿಯುವುದು ಮಾಮೂಲು.

ಆದ್ದರಿಂದ ಮುಂದಿನ ಪರೀಕ್ಷೆ ಎಳ್ಳ ಅಮವಾಸ್ಯೆ ಹೊತ್ತಿಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಜ್ವರದ ನೆರಳು ದಾಟಿರುತ್ತದೆ. ನಿಮ್ಮ ಹೆಂಡತಿಗೆ 29, ಅಷ್ಟು ಕಾಯಬಹುದು. 36 ಆಗಿದ್ದರೆ ಕಾಯಿರಿ ಅನ್ನುತ್ತಿರಲಿಲ್ಲ. ಪರೀಕ್ಷೆಗೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೋಗಿರಬಾರದು. ಲ್ಯಾಬಿನಲ್ಲಿ ಮುಜುಗರವಾದರೆ ಮನೆಯಲ್ಲೇ ತೆಗೆದು, ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ಒಂದು ತಾಸಿನೊಳಗೆ ಮುಟ್ಟಿಸಬೇಕು. ಧಾರವಾಡದಿಂದ ಹುಬ್ಬಳ್ಳಿಗೆ ಅಂದರೆ ದಾರಿಯಲ್ಲೇ ಹೊತ್ತು ಹೋಗುತ್ತದೆ, ಊರಲ್ಲೇ ಒಳ್ಳೆಯ ಲ್ಯಾಬ್ ನೋಡಿ. ಕಾಂಡೋಮ್‌ನಲ್ಲಿ ಹಿಡಿಯಬೇಡಿ.

ಕಾಯುವ ಈ ದಿನಗಳಲ್ಲಿ ಒಮ್ಮೆ ಯುರಾಲಜಿಸ್ಟ್‌ಗೆ ತೋರಿಸಿ. ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡುತ್ತಾರೆ. ಬೀಜದ ಮೇಲೆ, ಹೆಚ್ಚಾಗಿ ಎಡಗಡೆ, ಎರೆಹುಳುಗಳ ಗಂಟಿನ ಹಾಗೆ ಉಬ್ಬಿದ ನರ ಸಿಗಬಹುದು. ವೆರಿಕೋಸೀಲ್ ಅನ್ನುತ್ತಾರೆ. ಮಕ್ಕಳಾಗದ ಗಂಡಸರಲ್ಲಿ ತುಂಬಾ ಕಾಣುವ ಕಾರಣ ಅದು, ಚಿಕಿತ್ಸೆಯೂ ಇದೆ. ಆದರೆ ಜಿಮ್ಮಿನವರು ಯಾರಾದರೂ ಹೇಳಿದರು ಅಂತ 'ಶಕ್ತಿ'ಗೆ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಳ್ಳಬೇಡಿ. ಹೊರಗಿನಿಂದ ಅದು ಬಂದರೆ ಒಳಗೆ ವೀರ್ಯಾಣು ತಯಾರಾಗುವುದೇ ನಿಲ್ಲಬಹುದು. ಹುಡುಗುತನದ ಚಟಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಭಾರವನ್ನು ಇವತ್ತೇ ಇಳಿಸಿ.

ಇನ್ನು ಹೇಳುವ ವಿಷಯ. ಬೆಟಗೇರಿ ಕಡೆಯ ಒಬ್ಬರು ನನ್ನ ಹತ್ತಿರ ಬರುತ್ತಿದ್ದರು. ಅವರೂ ಎರಡನೇ ರಿಪೋರ್ಟ್ ಬರಲಿ ಅಂತ ಕಾದರು. ಅಷ್ಟರಲ್ಲಿ ಹೆಂಡತಿಗೆ ದುರ್ಬೀನು ಆಯಿತು, ಏನೂ ಸಿಗಲಿಲ್ಲ. ಎರಡನೇ ರಿಪೋರ್ಟೂ ಕಡಿಮೆಯೇ ಬಂತು. ಆಗ ಎರಡೂ ಕಾಗದ ಒಟ್ಟಿಗೆ ತೋರಿಸಿದರು. ನನ್ನ ಎದುರೇ ಆಕೆ ಅಂಕಿ ಓದಲೇ ಇಲ್ಲ. ಮೇಲಿದ್ದ ತಾರೀಖಿನ ಮೇಲೆ ಬೆರಳಿಟ್ಟು, 'ಇದು ನನ್ನ ಆಪರೇಷನ್ನಿಗೂ ಮೊದಲಿಂದಲ್ಲಾ?' ಅಂದರು. ಗಂಡ ತಲೆ ಎತ್ತಲಿಲ್ಲ. ವೀರ್ಯಾಣು ಕಡಿಮೆ ಇದ್ದದ್ದನ್ನು ಆಕೆ ಆ ದಿನವೇ ಒಪ್ಪಿಕೊಂಡರು. ಆ ತಾರೀಖನ್ನು ಒಪ್ಪಿಕೊಳ್ಳಲು ತುಂಬಾ ದಿನ ಬೇಕಾಯಿತು. ನಿಮ್ಮ ಹತ್ತಿರ ಇನ್ನೂ ಒಂದು ವಾರ ಇದೆ.

ಅವ್ವನ ಮುಂದೆ ಬೇಡ, ರಾತ್ರಿ ದೀಪ ಆರಿಸಿದ ಮೇಲೂ ಬೇಡ. ಸಂಜೆ ಕೆಲಗೇರಿ ಕೆರೆ ಕಡೆ ಇಬ್ಬರೇ ಹೋಗಿ, ಕಾಗದ ಅವರ ಕೈಗೇ ಕೊಡಿ. ಮನೆಯ ಮಾತಿನಲ್ಲೇ ಹೇಳಿ: 'ನನ್ನ ರಿಪೋರ್ಟ್ ಬಂದು ನಾಕ್ ದಿನಾ ಆತು. ಅಂಜಿ ಬಂದಿಲ್ಲಂತ ಸುಳ್ಳು ಹೇಳಿದೆ. ಕಡಿಮಿ ಬಂದೈತಿ. ಜ್ವರದಿಂದ ಇರಬಹುದು, ಇನ್ನೊಮ್ಮೆ ಮಾಡಸ್ಬೇಕು. ನಿನ್ನ ದುರ್ಬೀನು ಈಗ ಬೇಕೋ ಬ್ಯಾಡೋ ಅಂತ ನಾಳೆ ಇಬ್ಬರೂ ಕೂಡಿ ಡಾಕ್ಟರ್‌ನ ಕೇಳೂಣು.' ಇಷ್ಟು ಸಾಕು. 'ನೀ ಬೇಕಾದ್ರ ಇನ್ನೊಂದು ಮದುವಿ ಆಗು' ಅಂತ ಮಾತ್ರ ಅನ್ನಬೇಡಿ. ಬಹಳ ಗಂಡಸರು ದೊಡ್ಡ ಮನಸ್ಸಿನಿಂದಲೇ ಹಾಗೆ ಅನ್ನುತ್ತಾರೆ. ಆಮೇಲೆ ಆಕೆ ತನ್ನ ದುಃಖ ಬಿಟ್ಟು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅತ್ತರೆ ಅಳಲಿ, ಸಿಟ್ಟಾದರೆ ಆಗಲಿ, ಎರಡು ದಿನ ಮಾತಾಡದಿದ್ದರೂ ಇರಲಿ.

ಅಂಕಿಗಳನ್ನು ಅವ್ವನಿಗೆ ಹೇಳಬೇಕೋ ಬೇಡವೋ ಅನ್ನುವುದನ್ನು ನೀವಿಬ್ಬರೂ ಕೂತು ನಿರ್ಧರಿಸಿ. ಆದರೆ ಹೆಂಡತಿಗೆ ಅನ್ನುವುದನ್ನು ನಿಲ್ಲಿಸುವ ಕೆಲಸ ನಿಮ್ಮದೇ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. 'ಅವ್ವಾ, ಟೆಸ್ಟ್ ಇಬ್ಬರದೂ ನಡದಾವ. ಇನ್ನ ಮುಂದ ಆಕಿಗೆ ಏನೂ ಅನಬ್ಯಾಡ' ಅಂದರೆ ಸಾಕು.

ಮರುದಿನ ಡಾಕ್ಟರ್ ಹತ್ತಿರ ಹೋಗುವಾಗ ಈ ರಿಪೋರ್ಟಿನ ಜೊತೆ ಡೆಂಗಿಯ ಡಿಸ್ಚಾರ್ಜ್ ಕಾಗದವನ್ನೂ ತೆಗೆದುಕೊಂಡು ಹೋಗಿ. ಚೆಲ್ಲಿದ್ದನ್ನೂ ಬಾಯಿಬಿಟ್ಟು ಹೇಳಿ. ದುರ್ಬೀನನ್ನು ಎರಡನೇ ರಿಪೋರ್ಟ್ ಬರುವ ತನಕ ಮುಂದೆ ಹಾಕಬಹುದಾ ಅಂತ ಕೇಳಿ. ಈಗಲೇ ಬೇಕು ಅಂದರೆ ಏನು ಕಾರಣ ಅಂತ ನಿಮ್ಮ ಹೆಂಡತಿಯೇ ಕೇಳಿ ತಿಳಿದುಕೊಳ್ಳಲಿ.