ಕೊಕ್ಕರೆ ಹೆಚ್ಚಿರುವ ದೇಶದಲ್ಲಿ ಶಿಶುಗಳೂ ಹೆಚ್ಚು: ಆ ರೇಖೆಯನ್ನು ಓದುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ಯುರೋಪಿನ 17 ದೇಶಗಳ ಕೊಕ್ಕರೆ ಜೋಡಿಗಳು ಮತ್ತು ಶಿಶು ಜನನದ ಸ್ಕ್ಯಾಟರ್ ಪ್ಲಾಟ್, ಅಂದರೆ ದೇಶಕ್ಕೊಂದು ಚುಕ್ಕೆ ಇಟ್ಟ ಚಿತ್ರ, ತೋರಿಸಿದಳು. ರೇಖೆ ಏರುತ್ತದೆ, ಪಿ ಮೌಲ್ಯ 0.008. ಕೊಕ್ಕರೆ ಮಗು ತರುವುದಿಲ್ಲ ಎಂದು ಗೊತ್ತು. ಆದರೆ ಅಲ್ಲಿ ಗೊಬ್ಬರ ಮತ್ತು ಇಳುವರಿ ಎಂದು ಬರೆದಿದ್ದರೆ ನಾನು ನಂಬಿಬಿಡುತ್ತಿದ್ದೆ. ತಪ್ಪುವುದು ಎಲ್ಲಿ?

ಉತ್ತರ: ನಿಮ್ಮ ಕೊನೆಯ ಮಾತೇ ಇಲ್ಲಿ ಮುಖ್ಯವಾದದ್ದು. ಕಾರಣವೆಂದು ಒಪ್ಪುವುದು ಅಥವಾ ಬಿಡುವುದು ನಮಗೆ ಮೊದಲೇ ಗೊತ್ತಿರುವ ಸಂಗತಿಯ ಬಲದ ಮೇಲೆ. ಆ ಕೆಲಸವನ್ನು ಚಿತ್ರ ಮಾಡುವುದಿಲ್ಲ. ಈ ಅಂಕಿಗಳನ್ನು ರಾಬರ್ಟ್ ಮ್ಯಾಥ್ಯೂಸ್ ಎಂಬವರು 2000ರಲ್ಲಿ ಪ್ರಕಟಿಸಿದ್ದು ಇದನ್ನು ಕಲಿಸಲೆಂದೇ.

ಮೊದಲು ರೇಖೆ ಏನು ಹೇಳುತ್ತದೆ ನೋಡೋಣ. x ಎಂದರೆ ಕೊಕ್ಕರೆ ಜೋಡಿಗಳು, y ಎಂದರೆ ವರ್ಷಕ್ಕೆ ಸಾವಿರಗಳಲ್ಲಿ ಜನನ. ಸಮೀಕರಣ ಹೀಗಿದೆ:

```
y = 225 + 0.029x
```

"ಒಂದು ಜೋಡಿ ಕೊಕ್ಕರೆ ಹೆಚ್ಚಾದರೆ 29 ಮಕ್ಕಳು ಹೆಚ್ಚು ಹುಟ್ಟುತ್ತವೆ" ಎಂದು ಇದನ್ನು ಓದುವವರು ಬಹಳ. ಆ "ಹೆಚ್ಚಾದರೆ" ಎಂಬಲ್ಲೇ ತಪ್ಪು ನುಸುಳುತ್ತದೆ. ಯಾವ ದೇಶದಲ್ಲೂ ಕೊಕ್ಕರೆಗಳನ್ನು ಹೆಚ್ಚಿಸಿ ಯಾರೂ ನೋಡಿಲ್ಲ. ಬೇರೆ ಬೇರೆ ದೇಶಗಳನ್ನು ಅಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೆ. ಸರಿಯಾದ ಓದು ಇದು: ಒಂದು ದೇಶಕ್ಕಿಂತ ಇನ್ನೊಂದರಲ್ಲಿ ಸಾವಿರ ಜೋಡಿ ಹೆಚ್ಚಿದ್ದರೆ, ಆ ಎರಡನೆಯ ದೇಶದಲ್ಲಿ ಸರಾಸರಿ 29,000 ಜನನಗಳು ಹೆಚ್ಚಿವೆ.

ಪಿ ಮೌಲ್ಯವೂ ಇದಕ್ಕಿಂತ ಮುಂದೆ ಹೋಗುವುದಿಲ್ಲ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಇಷ್ಟು ಬಲವಾದ ಹೊಂದಿಕೆ ಬರೀ ಆಕಸ್ಮಿಕವಾಗಿ ಕಾಣಿಸುವುದು ಸಾವಿರಕ್ಕೆ ಸುಮಾರು 8 ಬಾರಿ ಎಂದು ಅದರ ಅರ್ಥ. ಆಕಸ್ಮಿಕವಲ್ಲದ್ದೆಲ್ಲ ಕಾರಣ ಆಗಬೇಕಿಲ್ಲ.

ಇನ್ನು ಚುಕ್ಕೆಗಳತ್ತ ಬನ್ನಿ. ರೇಖೆಯನ್ನು ಬೆರಳಿನಿಂದ ಮುಚ್ಚಿ ನೋಡಲು ಮಗಳಿಗೆ ಹೇಳಿ. ಬಲತುದಿಯಲ್ಲಿ ಎರಡೇ ಚುಕ್ಕೆಗಳಿವೆ: ಪೋಲೆಂಡ್ (30,000 ಜೋಡಿ) ಮತ್ತು ಟರ್ಕಿ (25,000). ಉಳಿದ 15 ದೇಶಗಳು 8,000ದ ಒಳಗೆ ಎಡಗಡೆ ಗುಂಪುಗೂಡಿವೆ. ಆ ಎರಡನ್ನು ತೆಗೆದು ಲೆಕ್ಕ ಹಾಕಿದರೆ, ಹೊಂದಿಕೆಯ ಬಲವನ್ನು ಅಳೆಯುವ ಸಹಸಂಬಂಧ 0.62ರಿಂದ ಸುಮಾರು 0.16ಕ್ಕೆ ಇಳಿಯುತ್ತದೆ. ಆ ಎರಡೂ ದೇಶಗಳು ನಿಜವೇ, ಅವುಗಳನ್ನು ಅಳಿಸಿಬಿಡಿ ಎನ್ನುತ್ತಿಲ್ಲ. ಆದರೆ 17 ದೇಶಗಳ ಸಾಕ್ಷ್ಯ ಎಂದುಕೊಂಡದ್ದು ಬಹುಪಾಲು ಎರಡೇ ದೇಶಗಳ ಸಾಕ್ಷ್ಯ ಎಂಬುದು ತಿಳಿದಿರಬೇಕು.

ಹಾಗಾದರೆ ಆ ಹೊಂದಿಕೆ ಬಂದದ್ದು ಎಲ್ಲಿಂದ? ಎರಡೂ ಅಕ್ಷಗಳಲ್ಲಿ ಇರುವುದು ಒಟ್ಟು ಸಂಖ್ಯೆ. ದೊಡ್ಡ ದೇಶದಲ್ಲಿ ಕೊಕ್ಕರೆ ಗೂಡು ಕಟ್ಟಲು ಹೆಚ್ಚು ನೆಲ ಇರುತ್ತದೆ, ಹೆಚ್ಚು ಜನರೂ ಇರುತ್ತಾರೆ, ಹೀಗಾಗಿ ಹೆಚ್ಚು ಮಕ್ಕಳೂ ಹುಟ್ಟುತ್ತವೆ. ದೇಶದ ಗಾತ್ರ ಎರಡನ್ನೂ ಒಟ್ಟಿಗೆ ಮೇಲೆತ್ತುತ್ತಿದೆ. ಇದನ್ನು ಪರೀಕ್ಷಿಸುವುದು ಸುಲಭ: ಜನನಗಳನ್ನು ಜನಸಂಖ್ಯೆಯಿಂದ ಭಾಗಿಸಿ. ಬೆಲ್ಜಿಯಂನಲ್ಲಿ ಇದ್ದದ್ದು ಒಂದೇ ಜೋಡಿ, ಸಾವಿರ ಜನರಿಗೆ ಸುಮಾರು 12 ಜನನ. ಆಗ ಅದಕ್ಕಿಂತ ತುಸುವೇ ಹೆಚ್ಚು ಜನರಿದ್ದ ಹಂಗೇರಿಯಲ್ಲಿ 5,000 ಜೋಡಿ, ಅಲ್ಲಿ ಸುಮಾರು 11. ನೂರೇ ಜೋಡಿಗಳ ಅಲ್ಬೇನಿಯಾದಲ್ಲಿ 26! ಮೂರು ದೇಶಗಳಿಂದ ಏನೂ ಸಾಬೀತಾಗುವುದಿಲ್ಲ ನಿಜ, ಆದರೆ ಭಾಗಾಕಾರ ಮಾಡಿದ ಮೇಲೆ 17 ಚುಕ್ಕೆಗಳನ್ನೂ ಮಗಳು ಮತ್ತೆ ಇಟ್ಟು ನೋಡಲಿ.

ಈಗ ನಿಮ್ಮ ಗೊಬ್ಬರದ ಮಾತು. ಊರಿನ ನೂರು ರೈತರ ಗೊಬ್ಬರದ ಚೀಲ ಮತ್ತು ರಾಗಿ ಇಳುವರಿಯನ್ನು ಹೀಗೆ ಚಿತ್ರಿಸಿದರೂ ಕೇಳಬೇಕಾದ ಪ್ರಶ್ನೆಗಳು ಇವೇ. ಹೆಚ್ಚು ಚೀಲ ಕೊಂಡವರಿಗೆ ಹೆಚ್ಚು ಎಕರೆ ಇರಬಹುದು. ಹಾಗಿದ್ದರೆ ಎರಡನ್ನೂ ಎಕರೆಯಿಂದ ಭಾಗಿಸಿ. ಅವರಿಗೆ ಕೊಳವೆಬಾವಿಯೂ ಇರಬಹುದು. ಹಾಗಿದ್ದರೆ ನೀರಾವರಿ ಹೊಲಗಳನ್ನೂ ಖುಷ್ಕಿ ಹೊಲಗಳನ್ನೂ ಬೇರೆ ಬೇರೆ ಬಣ್ಣದ ಚುಕ್ಕೆಗಳಲ್ಲಿ ಇಡಿ. ಒಂದೊಂದು ಬಣ್ಣದ ಒಳಗೂ ಏರಿಕೆ ಉಳಿದರೆ ಗೊಬ್ಬರವೇ ಕಾರಣ ಎಂಬ ಊಹೆ ಗಟ್ಟಿಯಾಗುತ್ತದೆ. ಆದರೂ ಮಣ್ಣಿನ ಗುಣ, ಬಿತ್ತಿದ ಹೊತ್ತು, ಕಳೆ ಕೀಳುವ ಆಳು, ಹೀಗೆ ನೀವು ಅಳೆಯದೆ ಬಿಟ್ಟದ್ದು ಉಳಿದೇ ಇರುತ್ತದೆ. ಅದಕ್ಕಾಗಿಯೇ 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಯಾವ ತಾಕಿಗೆ ಗೊಬ್ಬರ, ಯಾವುದಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡಬೇಕೆಂದು ಪಟ್ಟು ಹಿಡಿದರು. ಹಾಗೆ ಹಂಚಿದ ತಾಕುಗಳ ಚಿತ್ರ ನಿಮ್ಮ ಮುಂದಿದ್ದರೆ, ಆಗ "ಗೊಬ್ಬರ ಹೆಚ್ಚಿಸಿದರೆ" ಎಂದು ಧೈರ್ಯವಾಗಿ ಓದಬಹುದು.