ಟ್ರೇಲಿಂಗ್ ಸ್ಟಾಪ್: ಸ್ವಿಂಗ್ ಲೋ ಹಿಡಿಯಬೇಕೋ, ಶಾಂಡೆಲಿಯರ್ ಎಕ್ಸಿಟ್ ಹಿಡಿಯಬೇಕೋ?

ಪ್ರಶ್ನೆ: ಬಂದ ಲಾಭ ವಾಪಸ್ ಕೊಡದೆ ಟ್ರೆಂಡ್ ಮುಗಿಯುವವರೆಗೂ ಷೇರು ಇಟ್ಟುಕೊಳ್ಳಬೇಕು. ಸ್ಟಾಪ್ ಲಾಸ್ ಅನ್ನು ಸ್ವಿಂಗ್ ಲೋ ಕೆಳಗೆ ಏರಿಸುತ್ತಾ ಹೋಗಲೋ, ಶಾಂಡೆಲಿಯರ್ ಎಕ್ಸಿಟ್ ಬಳಸಲೋ? ಶಿರಸಿ ಹತ್ತಿರ ಊರು, ಹಗಲೆಲ್ಲ ತೋಟದ ಕೆಲಸ, ಚಾರ್ಟ್ ನೋಡುವುದು ಸಂಜೆ ಮಾತ್ರ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ.

ಇದೇ ಪ್ರಶ್ನೆ ಹಿಡಿದು ಒಂದು ಕಾಲದಲ್ಲಿ ಕಾರವಾರದಲ್ಲಿ ನಾನೂ ಕೂತಿದ್ದೆ. ಅದಕ್ಕೇ ನೇರವಾಗಿ ಹೇಳ್ತೇನೆ, ‘ವಾಪಸ್ ಕೊಡದೆ’ ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ ಮಾರಾಯ್ರೇ. ರಾಶಿ ಅಡಿಕೆಗೆ ಈ ವರ್ಷದ ಅತಿ ಹೆಚ್ಚಿನ ದರ ಯಾವ ಟೆಂಡರ್‌ನಲ್ಲಿ ಬಂತು ಅಂತ ಗೊತ್ತಾಗುವುದು ದರ ಇಳಿದ ಮೇಲೇ ಅಲ್ಲವೇ? ಟ್ರೇಲಿಂಗ್ ಸ್ಟಾಪೂ ಅಷ್ಟೇ. ಬೆಲೆ ಒಂದಷ್ಟು ಇಳಿದ ಮೇಲೇ ಅದು ಕೆಲಸ ಮಾಡುವುದು. ಎಷ್ಟು ಇಳಿಯಲು ಬಿಡುತ್ತೇವೆ ಅನ್ನುವುದನ್ನು ಕೊಳ್ಳುವ ಮೊದಲೇ ತೀರ್ಮಾನಿಸುವುದೊಂದೇ ನಮ್ಮ ಕೈಯಲ್ಲಿರುವುದು.

ಒಂದು ಷೇರಿನ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಡ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಜೋಡಿಸಿಕೊಂಡಿದ್ದೇನೆ, ಎಲ್ಲವೂ ದಿನದ ಚಾರ್ಟ್‌ನವು.

ಷೇರನ್ನು 412ಕ್ಕೆ ಕೊಂಡಿರಿ. ಅದಕ್ಕೂ ಮುಂಚಿನ ಸ್ವಿಂಗ್ ಲೋ 391. ಎಟಿಆರ್ 9, ಅಂದರೆ ಈ ಷೇರು ಸರಾಸರಿ ದಿನಕ್ಕೆ ಒಂಬತ್ತು ರೂಪಾಯಿ ಅತ್ತಿತ್ತ ಓಡಾಡುತ್ತದೆ (ರಾತ್ರೋರಾತ್ರಿ ಆಗುವ ಗ್ಯಾಪ್ ಕೂಡ ಈ ಲೆಕ್ಕದೊಳಗೇ ಬರುತ್ತದೆ). ಸ್ಟಾಪನ್ನು ಸರಿಯಾಗಿ 391ಕ್ಕೇ ಇಡಬೇಡಿ. ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ, ಬೆಲೆ ಅದನ್ನು ಒಮ್ಮೆ ಮುಟ್ಟಿ ಮೇಲೇಳುವುದು ಮಾಮೂಲು. ಅರ್ಧ ಎಟಿಆರ್ ಕೆಳಗೆ ಸರಿಸಿದರೆ 386.50 ಆಯಿತು. ಒಂದು ಷೇರಿಗೆ 25.50 ಅಪಾಯ. ಒಂದು ಟ್ರೇಡ್‌ನಲ್ಲಿ 2,500ಕ್ಕಿಂತ ಹೆಚ್ಚು ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ 98 ಷೇರು. ಎಷ್ಟು ಷೇರು ಅನ್ನುವುದನ್ನು ಸ್ಟಾಪ್ ಹೇಳಬೇಕು. ಮೊದಲು 200 ಷೇರು ಕೊಂಡು, ಆಮೇಲೆ ಭಯಕ್ಕೆ ಸ್ಟಾಪನ್ನು ಹತ್ತಿರ ಎಳೆದುಕೊಂಡರೆ ಮುಂದೆ ಓದುವುದೇ ಬೇಡ.

ಐದು ವಾರದಲ್ಲಿ ಷೇರು 486 ಮುಟ್ಟಿತು, ಎಟಿಆರ್ 10 ಆಯಿತು. ಶಾಂಡೆಲಿಯರ್ ಲೆಕ್ಕ ಹೀಗೆ: ಕಳೆದ 22 ದಿನಗಳ ಅತಿ ಎತ್ತರದಿಂದ ಎಟಿಆರ್‌ನ ಮೂರು ಪಟ್ಟು ಕಳೆಯಿರಿ. 486ರಲ್ಲಿ 30 ಹೋದರೆ 456. ಆಮೇಲೆ ಬೆಲೆ 463ಕ್ಕೆ ಇಳಿದು ಮತ್ತೆ ಮೇಲೆದ್ದಿತು. ಈ 463 ಸ್ವಿಂಗ್ ಲೋ ಆಗಬೇಕಾದರೆ ಅದರ ಎಡಕ್ಕೆ ಎರಡು, ಬಲಕ್ಕೆ ಎರಡು ಕ್ಯಾಂಡಲ್‌ಗಳ ತಳ ಅದಕ್ಕಿಂತ ಮೇಲಿರಬೇಕು. ಬಲಗಡೆಯ ಎರಡು ಕ್ಯಾಂಡಲ್ ಮುಗಿಯುವವರೆಗೆ ಅದು ಬರೀ ನಿನ್ನೆಯ ತಳ, ಸ್ವಿಂಗ್ ಲೋ ಅಲ್ಲ. ಅವಸರದಲ್ಲಿ ನಿನ್ನೆಯ ತಳಕ್ಕೇ ಸ್ಟಾಪ್ ಏರಿಸುವವರು ಟ್ರೆಂಡ್‌ನಲ್ಲಿ ವಾರಗಟ್ಟಲೆ ಉಳಿಯುವುದಿಲ್ಲ. ಎರಡು ದಿನ ಕಾದು, ಅರ್ಧ ಎಟಿಆರ್ ಬಿಟ್ಟು, 458ಕ್ಕೆ ಏರಿಸಿದಿರಿ ಅಂದುಕೊಳ್ಳಿ. ಇಲ್ಲಿಗೆ ಎರಡೂ ವಿಧಾನ ಒಂದೇ ಜಾಗದಲ್ಲಿವೆ, 456 ಮತ್ತು 458.

ಈಗ ನಿಮ್ಮ ‘ವಾಪಸ್ ಕೊಡದೆ’ ಅನ್ನುವ ಆಸೆಯನ್ನು ಇಲ್ಲೇ ಪರೀಕ್ಷೆ ಮಾಡೋಣ. ಲಾಭ ಬಿಡಬಾರದು ಅಂತ ಮೂರು ಪಟ್ಟಿನ ಬದಲು ಒಂದೂವರೆ ಪಟ್ಟು ಇಟ್ಟಿದ್ದರೆ ಸ್ಟಾಪ್ 471ರಲ್ಲಿ ಇರುತ್ತಿತ್ತು. 463ಕ್ಕೆ ಇಳಿಯುವ ದಾರಿಯಲ್ಲೇ ಷೇರು ಮಾರಿಹೋಗಿ 5,782 ರೂಪಾಯಿ ಲಾಭ ಕೈಗೆ ಬರುತ್ತಿತ್ತು. ಖುಷಿಯೇ. ಆದರೆ ಷೇರು ಅಲ್ಲಿಂದ ಮೂರು ವಾರದಲ್ಲಿ, ನಡುವೆ ಎಲ್ಲೂ ತಂಗದೆ, 528ಕ್ಕೆ ಹೋಯಿತು.

ಎರಡು ವಿಧಾನಗಳು ಬೇರೆಯಾಗುವುದು ಇಲ್ಲಿ. ನಡುವೆ ಇಳಿತವೇ ಬರಲಿಲ್ಲವಾದ್ದರಿಂದ ಹೊಸ ಸ್ವಿಂಗ್ ಲೋ ಹುಟ್ಟಲಿಲ್ಲ, ಆ ಸ್ಟಾಪ್ ಇನ್ನೂ 458ರಲ್ಲೇ ಕೂತಿದೆ, ಬೆಲೆಗಿಂತ 70 ರೂಪಾಯಿ ಕೆಳಗೆ. ಶಾಂಡೆಲಿಯರ್ ಮಾತ್ರ ಎಟಿಆರ್ 11ರ ಲೆಕ್ಕದಲ್ಲಿ 528ರಿಂದ 33 ಕೆಳಗೆ, 495ಕ್ಕೆ ಬಂದಿದೆ. ಮೆಟ್ಟಿಲು ಮೆಟ್ಟಿಲಾಗಿ, ಆಳವಾಗಿ ಇಳಿದು ಏರುವ ಷೇರಿಗೆ ಸ್ವಿಂಗ್ ಲೋ ಒಳ್ಳೆಯದು, ಅಲ್ಲಿ ಶಾಂಡೆಲಿಯರ್ ಗೆರೆ ಮಾಮೂಲು ಇಳಿತದ ಮಧ್ಯಕ್ಕೇ ಬಂದು ಕೂರುತ್ತದೆ. ಒಂದೇ ಉಸಿರಿಗೆ ಓಡುವ ಷೇರಿಗೆ ಶಾಂಡೆಲಿಯರ್. ನಾನು ಹೇಳುವುದಾದರೆ ಶುರುವಿನ ಸ್ಟಾಪ್ ಸ್ವಿಂಗ್ ಲೋದಿಂದ, ಲಾಭಕ್ಕೆ ಬಂದ ಮೇಲೆ ಎರಡರಲ್ಲಿ ಯಾವುದು ಮೇಲಿದೆಯೋ ಅದು. ನಾಲ್ಕು ಟ್ರೇಡ್‌ಗೊಮ್ಮೆ ವಿಧಾನ ಬದಲಿಸುವ ಚಟ ಮಾತ್ರ ಬೇಡ.

ಇನ್ನು ದುಡ್ಡು ತಿನ್ನುವ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಯಾಕೆಂದರೆ ನೋಡಲು ಇದು ತಪ್ಪಿನ ಹಾಗೆ ಕಾಣುವುದೇ ಇಲ್ಲ.

528 ಆದ ಮೇಲೆ ಷೇರು ಬೀಳತೊಡಗಿತು. ಬೀಳುವಾಗ ದಿನದ ಓಡಾಟ ಜಾಸ್ತಿಯಾಗುತ್ತದೆ, 11ರ ಜಾಗದಲ್ಲಿ 18 ರೂಪಾಯಿ. ಒಂದೂವರೆ ವಾರದಲ್ಲಿ ಎಟಿಆರ್ 13 ಆಯಿತು. ಈಗ ಸೂತ್ರಕ್ಕೆ ಅಂಕಿ ಹಾಕಿ ನೋಡಿ: 528ರಲ್ಲಿ 39 ಹೋದರೆ 489. ನಿನ್ನೆಯವರೆಗೆ 495ರಲ್ಲಿದ್ದ ಗೆರೆ, ಬೆಲೆ ಬಿದ್ದ ಕಾರಣಕ್ಕೇ ತಾನೂ ಆರು ರೂಪಾಯಿ ಕೆಳಗಿಳಿಯಿತು! ಷೇರು 496ರಿಂದ 514ರ ನಡುವೆ ಮೂರ್ನಾಲ್ಕು ವಾರ ಹೊರಳಾಡಿತು. ಅಷ್ಟರಲ್ಲಿ ಶಿಖರದ ದಿನವೂ ಅದರ ಬೆನ್ನಿಗಿದ್ದ ದಿನಗಳೂ 22 ದಿನದ ಲೆಕ್ಕದಿಂದ ಒಂದೊಂದಾಗಿ ಹೊರಬಿದ್ದವು. ಈಗ ಸೂತ್ರದ ಪಾಲಿಗೆ ಅತಿ ಎತ್ತರ 528 ಅಲ್ಲ, 514. ಅದರಲ್ಲಿ 39 ಕಳೆದರೆ 475. ಸಂಜೆ ಚಾರ್ಟ್ ತೆಗೆದು, ಗೆರೆ ಎಲ್ಲಿದೆ ನೋಡಿ, ಸ್ಟಾಪನ್ನು ಅಲ್ಲಿಗೇ ಬದಲಿಸುವ ಮನುಷ್ಯ ತನಗೆ ಗೊತ್ತಿಲ್ಲದೇ 495ರಿಂದ 475ಕ್ಕೆ ಇಳಿಸಿಬಿಟ್ಟಿರುತ್ತಾನೆ. ಕೇಳಿದರೆ ‘ನಾನು ಇಂಡಿಕೇಟರ್ ಹೇಳಿದ ಹಾಗೇ ಮಾಡಿದ್ದು’ ಅನ್ನುತ್ತಾನೆ, ಅದೂ ನಿಜ.

ಆಮೇಲೆ ಷೇರು ಕೆಳಗೆ ಒಡೆಯಿತು. 495ನ್ನು ಬಿಡದೆ ಹಿಡಿದವನದು 494ರ ಆಸುಪಾಸಿನಲ್ಲಿ ಮಾರಿಹೋಗಿ ಲಾಭ 8,036. ಗೆರೆಯ ಜೊತೆ ಇಳಿದವನದು 474ಕ್ಕೆ, 6,076. ಶಿಖರದಲ್ಲಿ ಕಾಗದದ ಮೇಲಿದ್ದ ಲಾಭ 11,368. ಅಂದರೆ ಎಲ್ಲ ಸರಿಯಾಗಿ ಮಾಡಿದವನೂ ಅದರಲ್ಲಿ ಹತ್ತಿರ ಹತ್ತಿರ ಮೂವತ್ತು ಪರ್ಸೆಂಟ್ ವಾಪಸ್ ಕೊಟ್ಟಿದ್ದಾನೆ, ಆದರೂ 471ಕ್ಕೆ ಹೊರಬಿದ್ದ ಹುಷಾರಿಯವನಿಗಿಂತ ಮುಂದಿದ್ದಾನೆ.

ಪರಿಹಾರ ಒಂದೇ ಸಾಲಿನದು. ಸ್ಟಾಪ್ ಏರಬಹುದು, ಇಳಿಯಕೂಡದು.

```
raw  = ta.highest(high, 22) - 3 * ta.atr(22)
stop = max(stop_yesterday, raw)
```

ಮೊದಲ ಸಾಲು ಟ್ರೇಡಿಂಗ್‌ವ್ಯೂನದ್ದು. ಎರಡನೆಯದನ್ನು ಕೋಡ್ ಬರೆದೇ ಮಾಡಬೇಕೆಂದಿಲ್ಲ, ಒಂದು ನೋಟ್‌ಬುಕ್ಕಿನಲ್ಲಿ ನಿನ್ನೆಯ ಸ್ಟಾಪ್ ಬರೆದಿಟ್ಟು ಇಂದಿನದರ ಜೊತೆ ಹೋಲಿಸಿದರೂ ಸಾಕು. ಈ ವಿಧಾನವನ್ನು ಕೊಟ್ಟ ಚಕ್ ಲೆಬೋ ಅವರ ಮೂಲ ಲೆಕ್ಕದಲ್ಲಿ ಗೆರೆ ನೇತಾಡುವುದು ಕೊಂಡ ದಿನದಿಂದೀಚೆಗಿನ ಅತಿ ಎತ್ತರದಿಂದ. 22 ದಿನದ ಕಿಟಕಿ ಚಾರ್ಟ್‌ನವರ ಅನುಕೂಲಕ್ಕೆ, ಯಾಕೆಂದರೆ ನೀವು ಯಾವತ್ತು ಕೊಂಡಿರಿ ಅಂತ ಚಾರ್ಟ್‌ಗೆ ಗೊತ್ತಿರುವುದಿಲ್ಲ. ಅತಿ ಎತ್ತರವನ್ನು ಕೊಂಡ ದಿನದಿಂದ ಎಣಿಸಿದರೆ ಕಿಟಕಿ ಜಾರುವ ತೊಂದರೆ ತಪ್ಪುತ್ತದೆ. ಎಟಿಆರ್ ಉಬ್ಬುವ ತೊಂದರೆ ಮಾತ್ರ ಉಳಿಯುತ್ತದೆ, ಅದಕ್ಕೆ max ಬೇಕೇ ಬೇಕು.

ನಿಮ್ಮ ಇಂಡಿಕೇಟರ್ ಯಾವ ಜಾತಿಯದು ಅಂತ ತಿಳಿಯಲು ಹಳೆಯ ಚಾರ್ಟ್ ತೆಗೆದು ನೋಡಿ. ಬೆಲೆ ಗೆರೆಯ ಮೇಲೇ ಮುಗಿಯುತ್ತಿದ್ದರೂ ಗೆರೆ ಕೆಳಗೆ ಬಾಗಿದೆಯೆಂದರೆ ಅದು ಹಸಿ ಸೂತ್ರ. ಚಪ್ಪಟೆಯಾಗಿ ನಿಂತಿದೆಯೆಂದರೆ max ಒಳಗೇ ಇದೆ. ಸೆಟ್ಟಿಂಗ್ಸ್ ಕೂಡ ತೆರೆಯಿರಿ. ಕೆಲವು ಸ್ಕ್ರಿಪ್ಟ್‌ಗಳು ದಿನದ ಗರಿಷ್ಠದ ಬದಲು ಕ್ಲೋಸ್ ಅನ್ನು ಹಿಡಿಯುತ್ತವೆ, ಆಗ ಗೆರೆ ಕೆಲವು ರೂಪಾಯಿ ಕೆಳಗೆ ಬರುತ್ತದೆ. ಯಾವುದಾದರೂ ನಡೆದೀತು, ನೀವು ಕೈಲೆಕ್ಕ ಮಾಡುವಾಗಲೂ ಅದೇ ಇರಬೇಕು ಅಷ್ಟೇ.

ಹಾಗೇ, ಷೇರು ತಿಂಗಳುಗಟ್ಟಲೆ ಒಂದೇ ಪಟ್ಟಿಯೊಳಗೆ ಓಡಾಡುವಾಗ ಈ ಎರಡೂ ಕೈಕೊಡುತ್ತವೆ. ಅಲ್ಲಿ ಸ್ಟಾಪ್ ಬದಲಿಸಿ ಪ್ರಯೋಜನವಿಲ್ಲ, ಆ ಷೇರನ್ನೇ ಬಿಡಬೇಕು.

ಕೊನೆಗೆ ಕರೆಂಟ್, ನೆಟ್ಟಿನ ವಿಷಯ. ಎಕ್ಸ್‌ಚೇಂಜಿಗೆ ಹೋಗುವ ಮಾಮೂಲು ಸ್ಟಾಪ್ ಲಾಸ್ ಆರ್ಡರ್ ಆ ದಿನ ಮಧ್ಯಾಹ್ನ 3:30ಕ್ಕೆ ಸತ್ತುಹೋಗುತ್ತದೆ. ದಿನಾ ಬೆಳಿಗ್ಗೆ 9:15ಕ್ಕೆ ಹೊಸದು ಹಾಕಲು ಜುಲೈ ತಿಂಗಳ ಶಿರಸಿಯಲ್ಲಿ ಆಗುವ ಮಾತಲ್ಲ. ನಿಮಗೆ ಬೇಕಾದ್ದು ಜಿಟಿಟಿ. ಟ್ರಿಗರ್ ಬ್ರೋಕರ್‌ನ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ನಾಲ್ಕು ದಿನ ನೆಟ್ ಇಲ್ಲದಿದ್ದರೂ ಹಳೆಯ ಸ್ಟಾಪ್ ಕಾಯುತ್ತಿರುತ್ತದೆ. ನೆಟ್ ಬಂದ ಸಂಜೆ ಲೆಕ್ಕ ಮಾಡಿ, ಮೇಲೆ ಹೋಗುವುದಿದ್ದರೆ ಬದಲಿಸಿ.

ಜಿಟಿಟಿಯಲ್ಲಿ ಸಾಮಾನ್ಯವಾಗಿ ಟ್ರಿಗರ್ ಆದಾಗ ಹೋಗುವುದು ಲಿಮಿಟ್ ಆರ್ಡರ್. ಟ್ರಿಗರ್ 495, ಲಿಮಿಟ್ 494.50 ಅಂತ ಬಿಗಿಯಾಗಿ ಇಟ್ಟರೆ, ಬೆಳಿಗ್ಗೆ ಷೇರು 487ಕ್ಕೆ ತೆರೆದ ದಿನ ಆರ್ಡರ್ ಹೋಗುತ್ತದೆ, ಕೊಳ್ಳುವವರಿರುವುದಿಲ್ಲ, ಬೆಲೆ ಕೆಳಗೆ ಹೋಗುತ್ತಲೇ ಇರುತ್ತದೆ, ನೀವು ತೋಟದಲ್ಲಿರುತ್ತೀರಿ. ಲಿಮಿಟ್ಟನ್ನು ಒಂದು ಎಟಿಆರ್‌ನಷ್ಟು ಕೆಳಗೆ, 483ರ ಹತ್ತಿರ ಇಡಿ. 483ಕ್ಕೇ ಮಾರಿಹೋಗುತ್ತದೆ ಅನ್ನುವ ಹೆದರಿಕೆ ಬೇಡ, ಅದು ಕನಿಷ್ಠ ಬೆಲೆ ಮಾತ್ರ. ಮಾರುಕಟ್ಟೆಯಲ್ಲಿ 494ಕ್ಕೆ ಕೊಳ್ಳುವವರಿದ್ದರೆ 494ಕ್ಕೇ ಹೋಗುತ್ತದೆ. ಲೋವರ್ ಸರ್ಕ್ಯೂಟ್‌ನಲ್ಲಿ ಬೀಗ ಬಿದ್ದ ದಿನ ಇದೂ ಉಪಯೋಗಕ್ಕೆ ಬಾರದು. ಬೋನಸ್ಸೋ ಸ್ಪ್ಲಿಟ್ಟೋ ಆದರೆ ಹಳೆಯ ಟ್ರಿಗರ್‌ಗೆ ಅರ್ಥವಿಲ್ಲ, ಹೊಸ ಬೆಲೆಯ ಲೆಕ್ಕದಲ್ಲಿ ಮತ್ತೆ ಹಾಕಿ.

ಡಿಮ್ಯಾಟ್‌ನಿಂದ ಷೇರು ತೆಗೆಯಲು ನಿಮ್ಮ ಒಪ್ಪಿಗೆ ಬೇಕು. ಡಿಡಿಪಿಐಗೆ ಸಹಿ ಹಾಕಿಲ್ಲದಿದ್ದರೆ ಮಾರುವ ದಿನ ಟಿಪಿನ್, ಒಟಿಪಿ ಕೊಡಬೇಕಾಗುತ್ತದೆ. ಟವರ್ ಸತ್ತಿರುವ ದಿನ ಒಟಿಪಿ ಎಲ್ಲಿಂದ ಬರಬೇಕು? ಟ್ರಿಗರ್ ಆಗುತ್ತದೆ, ಆರ್ಡರ್ ರಿಜೆಕ್ಟ್ ಆಗುತ್ತದೆ. ಬ್ರೋಕರ್ ಆ್ಯಪ್‌ನಲ್ಲಿ ಡಿಡಿಪಿಐ ಆಗಿದೆಯಾ ಅಂತ ಇವತ್ತೇ ನೋಡಿ, ಆಗಿಲ್ಲದಿದ್ದರೆ ಮಳೆ ಹಿಡಿಯುವ ಮೊದಲೇ ಮಾಡಿಸಿಕೊಳ್ಳಿ.