ಕಾರಿನ ಬಾಗಿಲಿನ ಗೀರಿಗೆ ಕ್ಲೇಮ್ ಹಾಕೋ ಮುಂಚೆ ನೋ ಕ್ಲೇಮ್ ಬೋನಸ್ ನೋಡಿ

"ಪಾರ್ಕ್ ಮಾಡುವಾಗ ಕಾರು ಗೇಟಿಗೆ ಉಜ್ಜಿತು. ಗ್ಯಾರೇಜಲ್ಲಿ 6 ಸಾವಿರ ಹೇಳ್ತಿದಾರೆ. ಅಷ್ಟು ಪ್ರೀಮಿಯಂ ಕಟ್ಟಿ ಕ್ಲೇಮ್ ಮಾಡದಿದ್ರೆ ದುಡ್ಡು ದಂಡ ಅಲ್ವಾ?"

ದಂಡ ಅಲ್ಲ ತಮ್ಮಾ. ನಾನೂ ಹೀಗೇ ಅಂದುಕೊಂಡು ಕೈ ಸುಟ್ಟುಕೊಂಡೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಅತ್ತೆ ಮನೆ ಮುಂದೆ ರಿವರ್ಸ್ ತಗೊಳ್ಳುವಾಗ ಹಿಂದಿನ ಬಾಗಿಲು, ಬಂಪರ್ ಎರಡೂ ಕಲ್ಲುಕಂಬಕ್ಕೆ ಉಜ್ಜಿದವು. ಟಿಂಕರಿಂಗ್‌ಗೆ 1,200, ಪೇಂಟಿಂಗ್‌ಗೆ 5,200, ಒಟ್ಟು 6,400 ರೂಪಾಯಿ ಅಂದರು. ತಕ್ಷಣ ಕ್ಲೇಮ್ ಹಾಕಿದೆ. ಸಣ್ಣ ಕಾರಾದ್ದರಿಂದ ಕಡ್ಡಾಯದ 1,000 ನನ್ನ ಮೇಲೇ ಬಿತ್ತು. ಪೇಂಟಿಂಗ್ ಬಿಲ್‌ನ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು ಅದರಲ್ಲಿ ಅರ್ಧ ಸವಕಳಿ ಕಳೆದರು, ಅದು 650. ಸವಕಳಿ ಕಳೆಯದ ಜೀರೋ ಡೆಪ್ ಆಡ್-ಆನ್ ಇದ್ದಿದ್ದರೆ ಆ 650 ಉಳಿಯುತ್ತಿತ್ತು, ನನ್ನ ಹತ್ತಿರ ಇರಲಿಲ್ಲ. ಕೊನೆಗೆ ಬಂದಿದ್ದು 4,750.

ತಪ್ಪಾಗಿದ್ದು ಇಲ್ಲಿ. ನಾನು ಬಿಲ್ ನೋಡಿದೆ, ಪಾಲಿಸಿ ಕಾಗದದಲ್ಲಿದ್ದ ನೋ ಕ್ಲೇಮ್ ಬೋನಸ್ ಸಾಲು ನೋಡಲಿಲ್ಲ. ಮೂರು ವರ್ಷ ಕ್ಲೇಮ್ ಇಲ್ಲದ್ದಕ್ಕೆ ನನಗೆ ಓನ್ ಡ್ಯಾಮೇಜ್, ಅಂದರೆ ನಮ್ಮ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ 35% ಬಿಡುವು ಇತ್ತು. ಸುಮ್ನಿದ್ದಿದ್ದರೆ ಮುಂದಿನ ವರ್ಷ 45%, ಆಮೇಲೆ 50%. ಒಂದೇ ಒಂದು ಕ್ಲೇಮ್, ಅದು ಸೊನ್ನೆಗೆ ಇಳಿಯಿತು, ಮತ್ತೆ 20%ರಿಂದ ಶುರು. ಸುಲಭಕ್ಕೆ ಬೋನಸ್ ಇಲ್ಲದ ಓನ್ ಡ್ಯಾಮೇಜ್ ಪ್ರೀಮಿಯಂ 10,000 ಅಂತಿಟ್ಟುಕೊಳ್ಳಿ. ಮುಂದಿನ ವರ್ಷ 5,500 ಕಟ್ಟುವ ಕಡೆ 10,000, ಅದರ ಮುಂದಿನ ವರ್ಷ 5,000 ಕಟ್ಟುವ ಕಡೆ 8,000. ಎರಡೇ ವರ್ಷಕ್ಕೆ 7,500 ಜಾಸ್ತಿ ಹೋಯಿತು, ಬಂದಿದ್ದು 4,750! ಕಾರಿನ ಬೆಲೆ ಇಳಿದ ಹಾಗೆ ಪ್ರೀಮಿಯಂ ಸ್ವಲ್ಪ ಇಳಿಯುತ್ತೆ ನಿಜ, ಆದರೂ ನಷ್ಟ ನಷ್ಟವೇ. ಥರ್ಡ್ ಪಾರ್ಟಿ ಭಾಗಕ್ಕೆ ಈ ಬೋನಸ್ ಸಂಬಂಧವೇ ಇಲ್ಲ, ಅದಕ್ಕೇ ಒಟ್ಟು ಪ್ರೀಮಿಯಂ ಮೇಲೆ ಲೆಕ್ಕ ಹಾಕಬೇಡಿ.

ಇನ್ನೊಂದು ಮಾತು, ಆ 6 ಸಾವಿರವನ್ನೇ ನಂಬಬೇಡಿ. ನನ್ನ ಬಂಪರ್ ಮೇಲಿದ್ದ ಬಿಳಿ ಗೆರೆಯಲ್ಲಿ ಅರ್ಧ ಕಂಬದ ಸುಣ್ಣ. ಆಮೇಲೆ ಬೇರೆ ಮೇಸ್ತ್ರಿ ನೋಡಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಉಜ್ಜಿದ್ದರೇ ಅದು ಹೋಗುತ್ತಿತ್ತು ಅಂದರು. ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್ ಸಾಕಾಗಬಹುದು, ಸಿಕ್ಕಿದರೆ ಪೇಂಟ್ ಬೇಕು.

ನನ್ನ ಕೇಳಿದರೆ, ಕೈಯಿಂದ ಕೊಟ್ಟು ಮಾಡಿಸಿ. ನಿಮ್ಮದು ಮೊದಲ ವರ್ಷದ ಪಾಲಿಸಿ ಆದರೂ ಮುಂದೆ ಬರಬೇಕಾದ 20% ಹೋಗುತ್ತೆ. ಬೋನಸ್ ಉಳಿಸುವ ಆಡ್-ಆನ್ ತಗೊಂಡಿದ್ದರೆ ಮಾತ್ರ ಬೇರೆ ಲೆಕ್ಕ, ಅದರ ಷರತ್ತು ಓದಿ. ಬಾಗಿಲೇ ಬದಲಿಸುವಷ್ಟು ಪೆಟ್ಟಾಗಿದ್ದರೆ ಕ್ಲೇಮ್ ಹಾಕಿ, ಆದರೆ ರಿಪೇರಿಗೆ ಮುಂಚೆಯೇ ಫೋನ್ ಮಾಡಿ, ಸರ್ವೇಯರ್ ನೋಡೋವರೆಗೆ ಕೈ ಹಚ್ಚಿಸಬೇಡಿ. ಕೈಯಿಂದಲೇ ಕೊಡೋದಾದರೆ, ಬಾಗಿಲಲ್ಲಿ ತಗಡು ಕಾಣ್ತಿದ್ದರೆ ಮಳೆ ಹಿಡಿಯೋ ಮುಂಚೆ ಟಚ್‌ಅಪ್ ಹಚ್ಚಿಸಿಬಿಡಿ, ತುಕ್ಕು ಶುರುವಾದರೆ ಬಿಲ್ ದೊಡ್ಡದಾಗುತ್ತೆ.